ವಾರಿಜಳ ಬೆರಳುಗಳು

ಸತ್ತ ಮಕ್ಕಳೂ ಬೆಳೆಯುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಬೆಳೆದ ಮೇಲೆ ಮದುವೆ ಕೇಳುತ್ತಾರೆ.

ನನ್ನ ತಂಗಿ ಜಲಜಾಕ್ಷಿಯ ಹಿರಿಮಗಳು ವಾರಿಜ ಎರಡು ವರ್ಷದವಳಿರುವಾಗ ಜ್ವರದಲ್ಲಿ ಹೋದಳು. ಈಗ ಕಿರಿಯವಳು ಸಾತ್ವಿಕಾಳ ಸಂಬಂಧಗಳು ನಿಶ್ಚಯದವರೆಗೆ ಬಂದು ಮುರಿಯುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ಅಕ್ಕನ ಹೆಸರು ಬಂತು, ಮೊದಲು ಅವಳ ಮದುವೆ ಆಗಬೇಕೆಂದು. ವೇಣೂರಿನ ಕಡೆ ಹೀಗೆಯೇ ಸಣ್ಣ ಪ್ರಾಯದಲ್ಲಿ ತೀರಿಕೊಂಡ ಗಂಡು ಸಿಕ್ಕಿತು. ಅವರು ಗೇಣುದ್ದದ ಮರದ ಗೊಂಬೆ ಮಾಡಿಸಿದ್ದರು. ನಮಗೆ ಕೆತ್ತುವವರು ಸಿಗಲಿಲ್ಲ. ಸೋದರಮಾವನಾಗಿ ಧಾರೆ ಎರೆದು ಕೊಡಬೇಕಾದವನು ನಾನು. ಹಾಗಾಗಿ ಜಲಜಾಕ್ಷಿಯನ್ನು ಕರೆದುಕೊಂಡು ಮೂಡಬಿದಿರೆಗೆ, ರಾಫಿಯಾಳ ಅಂಗಡಿಗೆ ಹೋದೆ. ಕಾಲೇಜಿನ ಮಕ್ಕಳಿಗೆ, ತಂತಿ ಕರಗಿಸಿ ಎಳೆಯ ಮೇಲೆ ಎಳೆ ಕೂರಿಸುವ ಮೆಷಿನ್‌ನಲ್ಲಿ ಪ್ಲಾಸ್ಟಿಕ್ಕಿನ ಮಾದರಿಗಳನ್ನು ತೆಗೆದುಕೊಡುವವಳು ಅವಳು.

ನಮ್ಮದು ಒಂದೇ ಹಟ, ಗೊಂಬೆ ಮರದ್ದೇ ಆಗಬೇಕು. ರಾಫಿಯಾ ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್ ತಂತಿ ಹುಡುಕಿ ತರಿಸಿದಳು.

ಎರಡನೆಯ ಸಲ ಹೋದಾಗ ಗೊಂಬೆ ಮೇಜಿನ ಮೇಲೆ ನಿಂತಿತ್ತು.

"ಇದು ಅಳತೆ ನೋಡಲಿಕ್ಕೆ ಮಾತ್ರ, ಮುಂಡಪ್ಪಣ್ಣ. ಎಳೆ ಇಳಿಯುವ ತೂತು, ಈ ನಾಜಲ್, ದೊಡ್ಡದು ಹಾಕಿ ತೆಗೆದದ್ದು. ನಾನು ಚಾ ಕುಡಿದು ಬರುವಷ್ಟರಲ್ಲಿ ಅರ್ಧ ಎದ್ದು ನಿಂತಿತ್ತು."

ಕೈಗೆತ್ತಿಕೊಂಡೆ. ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಜಲಜಾಕ್ಷಿ ಕಿರುಚಿದಳು. ಏನೂ ಆಗಿರಲಿಲ್ಲ.

"ನೀವು ಮೇಲೆ ನಿಂತರೂ ಅದಕ್ಕೇನೂ ಆಗುವುದಿಲ್ಲ," ರಾಫಿಯಾ ನಕ್ಕಳು. "ದಪ್ಪ ಎಳೆ ಅಲ್ವಾ, ಒಂದಕ್ಕೊಂದು ಗಟ್ಟಿ ಅಂಟಿಕೊಳ್ತದೆ."

ಮೈಯೆಲ್ಲ ಗದ್ದೆಯ ಉತ್ತ ಸಾಲುಗಳಂತೆ ಗೆರೆಗಳು. ಮುಖದ ಜಾಗದಲ್ಲಿ ಒಂದು ಉಬ್ಬು, ಅಷ್ಟೇ. ಆದರೆ ಜಲಜಾಕ್ಷಿ ನೋಡುತ್ತಿದ್ದದ್ದು ಬಲಗೈಯನ್ನು. ಬೆರಳುಗಳೆಲ್ಲ ಒಂದಾಗಿ ಕೈ ಮುದ್ದೆಯಾಗಿತ್ತು.

"ಅಣ್ಣ, ಮುಷ್ಟಿ ಕಟ್ಟಿದ್ದಾಳೆ."

ಜ್ವರ ತಲೆಗೇರಿದ ಆ ಹೊತ್ತು ಮಗು ಮುಷ್ಟಿ ಬಿಗಿದದ್ದು ಮತ್ತೆ ಬಿಚ್ಚಲಿಲ್ಲ. ಹಾಗೆಯೇ ಮಣ್ಣಿಗೆ ಇಟ್ಟಿದ್ದೆವು. ನಮ್ಮ ಪದ್ಧತಿಯಲ್ಲಿ ಹೆಣ್ಣು ಬೆರಳು ಬಿಡಿಸಿ ಗಂಡಿನ ಅಂಗೈಯಲ್ಲಿ ಕೈ ಇಡಬೇಕು. ಮುಷ್ಟಿಯ ಮೇಲೆ ನೀರು ಎರೆದರೆ ಅವಳಿಗೆ ಒಪ್ಪಿಗೆ ಇಲ್ಲ ಎಂದೇ ಅರ್ಥ.

"ಇಲ್ಲ ಅಕ್ಕ, ಅವಳು ಕಟ್ಟಿದ್ದಲ್ಲ," ರಾಫಿಯಾ ಮೆತ್ತಗೆ ಹೇಳಿದಳು. "ಬೆರಳ ಸಂದಿ ಕೂದಲಷ್ಟು. ಈ ಎಳೆಯೇ ಸಂದಿಗಿಂತ ದಪ್ಪ. ಬೆರಳು ಬಿಡಿಬಿಡಿಯಾಗಿ ಬರಬೇಕಾದರೆ ಸಣ್ಣ ನಾಜಲ್ಲೇ ಬೇಕು."

"ಹಾಗಾದರೆ ಅದರಲ್ಲೇ ಹಾಕು, ಮಗಾ. ತಂತಿ ಇದೇ ಇರಲಿ," ಎಂದೆ.

"ಮರದ ಪುಡಿ ಸಣ್ಣ ತೂತಿನಲ್ಲಿ ಕಟ್ಟಿಕೊಳ್ತದೆ ಅಣ್ಣ."

"ಒಂದು ಸಲ ನೋಡುವ."

ತೂತು ಬದಲಿಸಿ, ಕೈ ಮಾತ್ರ ತೆಗೆಯಲು ಹಾಕಿದಳು. ಮೆಷಿನ್ ಓಡಿತು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಟಿಕ್, ಟಿಕ್ ಎಂದು ಸದ್ದು. ನಾಜಲ್ ಅಂಗೈಯ ಮೇಲೆ ಅತ್ತಿತ್ತ ಹೋಗಿ ಬೆರಳು ಬರೆಯುತ್ತಿತ್ತು. ಒಂದು ಬೆರಳು, ಪಕ್ಕದ್ದು, ಅದರ ಪಕ್ಕದ್ದು. ಏನೂ ಬೀಳುತ್ತಿರಲಿಲ್ಲ. ಗಾಳಿಯಲ್ಲೇ ಬರೆಯುತ್ತಿತ್ತು.

"ಇದ್ದಾಳೆ," ಎಂದಳು ಜಲಜಾಕ್ಷಿ. "ನಮಗೆ ಕಾಣುವುದಿಲ್ಲ, ಅಷ್ಟೇ."

ರಾಫಿಯಾ ಮೆಷಿನ್ ನಿಲ್ಲಿಸಲು ಕೈ ಚಾಚಿದಳು. ತಂಗಿ ಅವಳ ಕೈ ಹಿಡಿದಳು. ಬರೆದು ಮುಗಿಯುವ ತನಕ ಮೂವರೂ ನೋಡಿದೆವು.

ಕಡೆಗೆ ನಾನೇ ಹಟ ಬಿಟ್ಟೆ. "ಕೈ ಮರದ್ದಾಗದಿದ್ದರೂ ಅಡ್ಡಿಯಿಲ್ಲ. ಬೆರಳು ತೆರೆದರೆ ಸಾಕು."

ಕಟ್ಟಿಕೊಂಡ ನಾಜಲ್ ತೆಗೆದು, ಅಷ್ಟೇ ಸಣ್ಣ ಹೊಸದನ್ನು ಹಾಕಿ, ಪುಡಿ ಇಲ್ಲದ ಬರೀ ತಂತಿಯಲ್ಲಿ ಮತ್ತೆ ತೆಗೆದಳು. ಸಾವಕಾಶ, ನೂಲಿನಂಥ ಎಳೆ. ಐದು ಬೆರಳು ಬಿಡಿಬಿಡಿಯಾಗಿ ಬಂದವು, ಉಗುರಿನ ಗುರುತು ಸಹಿತ. ಗೊಂಬೆಯ ಮುದ್ದೆ ಕೈಯನ್ನು ಮಣಿಕಟ್ಟಿನಲ್ಲಿ ಕೊಯ್ದು, ತೂತು ಕೊರೆದು, ಹೊಸ ಕೈ ಸೇರಿಸಿದಳು.

"ಇದನ್ನು ಬೀಳಿಸಬೇಡಿ ಮಾರಾಯ್ರೆ, ಬೆರಳು ಮುರಿದೀತು. ಮುಖವನ್ನೂ ಹೀಗೇ ತೆಗೆದುಕೊಡಲಾ ಅಕ್ಕ? ಕಣ್ಣು, ಮೂಗು ಎಲ್ಲ ಚಂದ ಬರ್ತದೆ."

ಜಲಜಾಕ್ಷಿ ಆ ಉಬ್ಬನ್ನು ಹೆಬ್ಬೆರಳಿನಿಂದ ಸವರಿದಳು. "ಬೇಡ ಮಗಾ. ಈಗ ಹೇಗಿದ್ದಾಳೋ ಯಾರಿಗೆ ಗೊತ್ತು? ಬೇರೆ ಯಾರದೋ ಮುಖ ಕೊಟ್ಟರೆ ಅವಳು ಅದರೊಳಗೆ ಬರಲಿಕ್ಕಿಲ್ಲ."

ಬದುಕಿದವರ ಮದುವೆ ನಡೆಯದ ಆಟಿ ತಿಂಗಳಲ್ಲಿ, ನರಿಕೊಂಬಿನ ನಮ್ಮ ಚಾವಡಿಯಲ್ಲೇ ಮದುವೆ ನಡೆಯಿತು. ಮುಖವಿಲ್ಲದ ಹುಡುಗಿಗೆ ಕೆಂಪು ಸೀರೆ ಉಡಿಸಿದ್ದರು. ಗಂಡಿನ ಮರದ ಅಂಗೈಯಲ್ಲಿ ಆ ಕೈ ಇಟ್ಟು ನೀರು ಎರೆದೆ. ನೀರು ನಿಲ್ಲಲಿಲ್ಲ. ಬೆರಳ ಸಂದಿಗಳಿಂದ ಇಳಿದು ಹರಿವಾಣಕ್ಕೆ ತೊಟ್ಟಿಕ್ಕಿತು.

ಗಂಡಿನ ಕಡೆಯವರು ಗೊಂಬೆಗಳನ್ನು ಎತ್ತಿಕೊಂಡು ಹೊರಟರು. ಅವರ ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಜಲಜಾಕ್ಷಿ ಅಂಗಳದಲ್ಲಿ ನಿಂತಿದ್ದಳು. ಒಳಗೆ ಬಂದು, ಕಿವಿಗೊಟ್ಟು, ಒಂದೊಂದೇ ಕೋಣೆಯ ಬಾಗಿಲಲ್ಲಿ ನಿಂತಳು.

"ಏನು?" ಎಂದು ಕೇಳಿದೆ.

"ಹೋದಳು ಅಣ್ಣ," ಎಂದಳು. "ಇಷ್ಟು ವರ್ಷ ಅವಳ ಉಸಿರು ಕೇಳ್ತಾ ಇತ್ತೆಂಬುದು ಈಗ ಗೊತ್ತಾಗ್ತಾ ಉಂಟು."