ಬಿಸಿಲು ಮಗ್ಗುಲು ಬದಲಿಸಿದ್ದು

ದಿಂಬಿನ ಕವರಿಗೆ ಇಸ್ತ್ರಿ ಹಾಕುತ್ತ ಅವಳು ಆ ಮೂರು ವಾಕ್ಯಗಳನ್ನು ನಾಲ್ಕನೇ ಸಲ ಗಟ್ಟಿಯಾಗಿ ಹೇಳಿಕೊಂಡಳು. ಪುಸ್ತಕ ಕಿಟಕಿಯ ಬಳಿ ತೆರೆದಿತ್ತು. ಉಸಿರು ತೆಗೆದುಕೊಳ್ಳಬೇಕಾದ ಕಡೆ ಪೆನ್ಸಿಲ್ಲಿನ ಸಣ್ಣ ಗೀಟು.

“ಅಮ್ಮಾ, ಸಂಜೆ ಪರಿಚಯ ಮಾಡ್ತೀಯೋ, ಈಗ ಕವರು ಸುಡ್ತೀಯೋ, ಯಾವುದಾದ್ರೂ ಒಂದು ಮಾಡು,” ಎಂದಳು ಮಗಳು.

ಗ್ರಂಥಾಲಯದ ತಿಂಗಳ ಸಾಹಿತ್ಯ ಸಂಜೆಗೆ ಬರುವ ಲೇಖಕರನ್ನು ಪರಿಚಯಿಸುವುದು ಗ್ರಂಥಪಾಲಕಿಯಾದ ಅವಳದೇ ಕೆಲಸ. ಐದು ನಿಮಿಷ. ಪ್ರಶಸ್ತಿಗಳ ಪಟ್ಟಿ ಓದಬಾರದು, ಕಥೆಯ ಗುಟ್ಟು ಬಿಡಬಾರದು; ಪುಸ್ತಕದ್ದೇ ಒಂದು ಚೂರು ಓದಿ, ಬಾಗಿಲು ತೆರೆದು, ಪಕ್ಕಕ್ಕೆ ಸರಿದುಬಿಡಬೇಕು. ಇಬ್ಬರೂ ಒಂದೇ ಭಾಗ ಓದುವಂತಾಗಬಾರದೆಂದು ಈ ಸಲದ ಲೇಖಕಿ ಓದುವ ಪುಟಗಳನ್ನು ಫೋನಿನಲ್ಲಿ ಕೇಳಿಕೊಂಡಿದ್ದಳು. ತಾನು ಓದುವುದು ಯಾವುದೆಂದು ಮಾತ್ರ ಹೇಳಿರಲಿಲ್ಲ.

ಹೇಳುವುದು ಹೇಗೆ? ಲೇಖಕಿ ಹಾಸ್ಟೆಲಿನಲ್ಲಿ ಅವಳ ಕೋಣೆಯ ಗೆಳತಿ. ಪುಸ್ತಕದಲ್ಲಿನ ಆ ಮೂರು ವಾಕ್ಯ ಮೂವತ್ತು ವರ್ಷದ ಹಿಂದೆ, ರಜೆಯಲ್ಲಿ, ಇವಳೇ ಗೆಳತಿಗೆ ಬರೆದ ಕಾಗದದ್ದು. ಗೆಳತಿ ಬರೆಯುತ್ತ ಹೋದಳು, ಇವಳು ಬರೆಯುವುದನ್ನು ಬಿಟ್ಟಳು. ಕದ್ದಳು ಎನ್ನಲು ಬಾಯಿ ಬರಲಿಲ್ಲ, ಮರೆತಿದ್ದಾಳು. ಆದರೂ ಇದು ನನ್ನದೆಂದು ಒಬ್ಬರಿಗಾದರೂ ತಿಳಿಯಲಿ ಎಂಬ ಆಸೆ ಬಿಟ್ಟುಹೋಗಲಿಲ್ಲ.

ಸಂಜೆ ಗ್ರಂಥಾಲಯದ ಓದುವ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಕಪಾಟುಗಳ ನಡುವೆ ಹೊಂಬಣ್ಣದ ಧೂಳು ತೇಲುತ್ತಿತ್ತು. ನಮಸ್ಕಾರವನ್ನೂ ಹೇಳದೆ ಅವಳು ನೇರವಾಗಿ ಓದತೊಡಗಿದಳು.

“ಅಮ್ಮ ಮಡಿಸಿಟ್ಟ ಬಟ್ಟೆಗಳೊಳಗೆ ಮಧ್ಯಾಹ್ನ ಇನ್ನೂ ಮಲಗಿತ್ತು. ಸದ್ದಾಗದಂತೆ ಒಂದನ್ನೆತ್ತಿ ಮುಖಕ್ಕೆ ಒತ್ತಿಕೊಂಡೆ. ಬಿಸಿಲು ಮಗ್ಗುಲು ಬದಲಿಸಿತು.”

ಕೊನೆಯ ವಾಕ್ಯ ಬಂದಾಗ ಅವಳ ಕಣ್ಣು ಪುಟದ ಮೇಲಿರಲಿಲ್ಲ. ಪುಸ್ತಕದಲ್ಲಿದ್ದದ್ದು ‘ಬಿಸಿಲು ಎದ್ದುಹೋಯಿತು.’ ಅವಳ ಬಾಯಿಗೆ ಬಂದದ್ದು ತನ್ನ ಹಳೆಯ ಕಾಗದದ ಸಾಲು. ತಪ್ಪು ಗೊತ್ತಾದಾಗ ಪುಸ್ತಕ ಮುಚ್ಚಿದಳು. ಈಗ ಹೇಳಿಬಿಡಬಹುದಿತ್ತು. ಆದರೆ ಎದುರಿಗೆ ಕೂತವರು ಬಂದದ್ದು ಇವಳಿಗಾಗಿ ಅಲ್ಲ.

“ಮಡಿಸಿಟ್ಟದ್ದನ್ನೆಲ್ಲ ಹೀಗೆ ಮೆಲ್ಲಗೆ ಬಿಚ್ಚಿ ನೋಡುವ ಕೈ ಇವರದು,” ಎಂದು, ಗೆಳತಿಯ ಹೆಸರನ್ನು ಕೊನೆಗೆ ಹೇಳಿ, ಪಕ್ಕಕ್ಕೆ ಸರಿದಳು.

ಲೇಖಕಿ ಮೈಕಿನ ಮುಂದೆ ಬಂದು ತನ್ನ ಪುಸ್ತಕದ ಆ ಪುಟ ತೆರೆದು ನೋಡಿದಳು. ಆಮೇಲೆ ಇವಳತ್ತ ತಿರುಗಿ, “ಪುಸ್ತಕದಲ್ಲಿ ತಪ್ಪಾಗಿದೆ ಕಣೇ. ನೀನು ಓದಿದ್ದೇ ಸರಿ,” ಎಂದಳು.

ಲೇಖಕಿಯದು ದೊಡ್ಡ ಮನಸ್ಸೆಂದು ಜನ ನಕ್ಕು ಚಪ್ಪಾಳೆ ತಟ್ಟಿದರು. ತಿಳಿಯಬೇಕಿದ್ದ ಒಬ್ಬರಿಗೆ ತಿಳಿದಿತ್ತು; ಇವಳಿಗೆ ಅಷ್ಟೇ ಸಾಕಾಯಿತು.

ಮನೆಗೆ ನಡೆಯುವಾಗ, ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದ ಮಗಳು, “ಕೊನೇ ಸಾಲು ತಪ್ಪು ಓದಿದೆಯಲ್ಲಮ್ಮ, ಅಷ್ಟು ಸಲ ಕಂಠಪಾಠ ಮಾಡಿ?” ಎಂದು ಕೆಣಕಿದಳು. ಅವಳು ಹೌದೆಂದು ತಲೆಯಾಡಿಸಿದಳು. ಮಗ್ಗುಲು ಬದಲಿಸಿದ ಬಿಸಿಲು ಆಮೇಲೆ ಏನು ಮಾಡಿತು? ಅದು ಯಾರ ಪುಸ್ತಕದಲ್ಲೂ ಇರಲಿಲ್ಲ. ನಾಳೆ ಗ್ರಂಥಾಲಯದ ಬಾಗಿಲು ತೆರೆಯುವ ಮುಂಚಿನ ಅರ್ಧ ಗಂಟೆ ತನಗೆ ಬರೆಯಲು ಬೇಕು ಎಂದುಕೊಂಡಳು. ಮಗಳ ಕೈಯಿಂದ ಚೀಲ ತೆಗೆದುಕೊಂಡು ಸ್ವಲ್ಪ ಬೇಗ ಬೇಗ ನಡೆದಳು.