ಮೂರನೇ ಸಾಕ್ಷಿ

ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಟೈಲರಮ್ಮ ಬ್ಯಾಗನ್ನು ತೊಡೆಗೊತ್ತಿಕೊಂಡು ಕೂತಿದ್ದಳು. ಬ್ಯಾಗಿನಲ್ಲಿ ಮಗನ ಮರಣ ಪ್ರಮಾಣಪತ್ರದ ಅಸಲು ಪ್ರತಿ. ವಿಧವೆ ಮತ್ತೆ ಮದುವೆಯಾಗಬೇಕಾದರೆ ಅದನ್ನು ತೋರಿಸಲೇಬೇಕು. ಸೊಸೆಯ ಮದುವೆಗೆ ಅತ್ತೆ ತರಬೇಕಾದ ವಸ್ತುವೇ ಇದು? ಎಂದು ಒಳಗೊಳಗೇ ಬೈದುಕೊಂಡಳು. ಯಾರನ್ನು ಬೈದಳೋ ಅವಳಿಗೂ ಗೊತ್ತಿರಲಿಲ್ಲ.

ಸೊಸೆ ಎದ್ದು ಎದ್ದು ಬಾಗಿಲು ನೋಡುತ್ತಿದ್ದಳು. ಗಂಡನಾಗಬೇಕಾದ ಬಸ್ ಡ್ರೈವರ್ ಊರುಗೋಲು ಹಿಡಿದು ಗೋಡೆಗೊರಗಿ ನಿಂತಿದ್ದ. ಮದುವೆಯ ನೋಟಿಸ್ ಕೊಟ್ಟ ಮರುವಾರವೇ ಅವನು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ನೋಟಿಸನ್ನು ಬೋರ್ಡಿನಲ್ಲಿ ಹಾಕಿದ ತಿಂಗಳು ಯಾವ ತಕರಾರೂ ಇಲ್ಲದೆ ಕಳೆದಿತ್ತು. ಆದರೆ ನೋಟಿಸ್‌ಗೆ ಬೆಲೆ ಮೂರು ತಿಂಗಳು ಮಾತ್ರ, ಆ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಇವತ್ತು ಆಗದಿದ್ದರೆ ಮತ್ತೆ ನೋಟಿಸ್, ಮತ್ತೆ ಕಾಯುವುದು, ಮತ್ತೆ ನೆಂಟರ ಗುಸುಗುಸು.

ಗುಮಾಸ್ತೆ ಇಬ್ಬರ ಕಾಗದಗಳನ್ನೂ ಒಂದೊಂದಾಗಿ ನೋಡಿದಳು. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೊ, ಗುರುತಿನ ಚೀಟಿ. ಮರಣ ಪ್ರಮಾಣಪತ್ರವನ್ನು ಜೆರಾಕ್ಸ್ ಜೊತೆ ಹೋಲಿಸಿ ಮೃದುವಾಗಿ ವಾಪಸ್ ಕೊಟ್ಟಳು.

"ಎಲ್ಲಾ ಸರಿ ಇದೆ. ಸಾಕ್ಷಿಗಳು ಮೂರು ಜನ ಬೇಕು. ಇಲ್ಲಿರೋದು ಇಬ್ಬರೇ ಅಲ್ವಾ?"

ಆ ಇಬ್ಬರು ಡ್ರೈವರನ ಸ್ನೇಹಿತರು: ಒಬ್ಬ ಕಂಡಕ್ಟರ್, ಒಬ್ಬ ಮೆಕ್ಯಾನಿಕ್. ಬರಬೇಕಾಗಿದ್ದ ಮೂರನೆಯವನು ಸೊಸೆಯ ಅಣ್ಣ. ತಾನು ಸಹಿ ಹಾಕದೆ ತಂಗಿಯ ಮದುವೆಯೇ ನಡೆಯದು ಎಂಬ ಭ್ರಮೆ ಅವನಿಗೆ. ಸಹಿಗೆ ಒಪ್ಪಿಕೊಂಡು ತಿಂಗಳುಗಟ್ಟಲೆ ಮೆರೆದಿದ್ದ.

ಸೊಸೆ ಅಣ್ಣನಿಗೆ ಫೋನ್ ಮಾಡಿದಳು. ಒಂದು ನಿಮಿಷ ಕೇಳಿಸಿಕೊಂಡು ಮುಖ ಸಪ್ಪೆ ಮಾಡಿಕೊಂಡಳು. "ಗಾಡಿ ಕೆಟ್ಟಿದೆಯಂತೆ."

"ಎಲ್ಲಿ ಕೆಟ್ಟಿದೆ ಅಂತ ಕೇಳಿ, ನಾನೇ ಹೋಗಿ ರಿಪೇರಿ ಮಾಡ್ತೀನಿ," ಎಂದ ಮೆಕ್ಯಾನಿಕ್. ಅವಳು ಮತ್ತೆ ಫೋನ್ ಮಾಡಿದಳು. ಸ್ವಿಚ್ ಆಫ್.

"ಕೆಟ್ಟಿರೋದು ಗಾಡಿಯಲ್ಲ, ಬುದ್ಧಿ," ಎಂದಳು ಟೈಲರಮ್ಮ.

ಡಿಪೋದಲ್ಲಿ ಯಾರಾದರೂ ಸಿಗುತ್ತಾರಾ ಎಂದು ಕಂಡಕ್ಟರ್ ಫೋನಿನಲ್ಲೇ ವಿಚಾರಿಸಿದ, ಎಲ್ಲರೂ ರೂಟಿನಲ್ಲಿದ್ದರು. ಒಳಗಿನ ಕೋಣೆಯಿಂದ ಅಧಿಕಾರಿ ಇಣುಕಿ, ಕಚೇರಿ ಮುಚ್ಚುವ ಹೊತ್ತಾಗುತ್ತಾ ಬಂತು ಎಂದರು. ಸೊಸೆ ಬೆಂಚಿನ ಮೇಲೆ ಕುಸಿದು, ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಮಗ ತೀರಿಕೊಂಡಾಗ ವಾರವಿಡೀ ಅವಳು ಹೀಗೇ ಕೂತಿದ್ದಳು. ಟೈಲರಮ್ಮ ಸಾಕಪ್ಪಾ ಸಾಕು ಎಂದುಕೊಂಡು ಎದ್ದು ಮೇಜಿನ ಹತ್ತಿರ ಹೋದಳು.

"ಸಾಕ್ಷಿ ಹಾಕೋರು ಹುಡುಗಿ ರಕ್ತಸಂಬಂಧಿಯೇ ಆಗಬೇಕಾ?"

"ಹಾಗೇನಿಲ್ಲ. ವಯಸ್ಕರಾಗಿರಬೇಕು, ಗುರುತಿನ ಚೀಟಿ ಇರಬೇಕು, ಅಷ್ಟೇ. ಗೊತ್ತಿರೋರಾದ್ರೆ ಒಳ್ಳೇದು."

ಟೈಲರಮ್ಮ ಬ್ಯಾಗಿನಿಂದ ತನ್ನ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು. "ನನಗಿಂತ ಗೊತ್ತಿರೋರು ಯಾರಿದ್ದಾರೆ? ಬರೆದುಕೊಳ್ಳಿ."

ಸೊಸೆ ಓಡಿ ಬಂದು ಕೈ ಹಿಡಿದಳು. "ಬೇಡ ಅತ್ತೆ. ಆ ಕಾಗದ ತಂದಿದ್ದೇ ಹೆಚ್ಚು. ಇದನ್ನೂ ನಿಮ್ಮ ಕೈಲಿ ಮಾಡಿಸೋಕೆ ನನಗೆ ಮನಸ್ಸು ಬರಲ್ಲ. ಮತ್ತೆ ನೋಟಿಸ್ ಕೊಟ್ಟರಾಯ್ತು."

"ಕೈ ಬಿಡೇ."

ಗುಮಾಸ್ತೆ ಚೀಟಿಯನ್ನು ನೋಡಿ, ಸೊಸೆಯ ಕಾಗದವನ್ನು ನೋಡಿ ತಲೆಯೆತ್ತಿದಳು. "ಇಬ್ಬರದೂ ಒಂದೇ ವಿಳಾಸ?"

"ಇವತ್ತಿನ ತನಕ ಒಂದೇ."

ಬೆಳಗ್ಗೆ ತನ್ನದೂ ಸೊಸೆಯದೂ ಎರಡು ಹೊಲಿಗೆ ಯಂತ್ರಗಳ ಸದ್ದು ಒಟ್ಟಿಗೆ ಕೇಳದ ಮನೆಯನ್ನು ಅವಳಿಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಆದರೂ ಹೆಜ್ಜೆ ಹಿಂದಿಡಲಿಲ್ಲ.

ಅಧಿಕಾರಿ ಎಲ್ಲರನ್ನೂ ಒಳಗೆ ಕರೆದರು. ಮೊದಲು ಘೋಷಣಾ ಪತ್ರ. ಮದುಮಕ್ಕಳು ಸಹಿ ಹಾಕಿದರು, ಕಂಡಕ್ಟರ್ ಹಾಕಿದ, ಮೆಕ್ಯಾನಿಕ್ ಹಾಕಿದ. ಪೆನ್ನು ಟೈಲರಮ್ಮನ ಕೈಗೆ ಬಂತು.

"ಅಮ್ಮಾ, ನೀವು ಇವರಿಗೆ ಏನಾಗಬೇಕು?" ಎಂದು ಅಧಿಕಾರಿ ಸುಮ್ಮನೆ ವಿಚಾರಿಸಿದರು.

"ಇವಳ ಮೊದಲ ಗಂಡನ ತಾಯಿ."

ಅಧಿಕಾರಿ ಕನ್ನಡಕ ತೆಗೆದರು. "ನಿಮಗೆ ಕಷ್ಟ ಆಗೋದಾದ್ರೆ..."

"ಆಗತ್ತೆ ಸಾರ್, ಯಾಕೆ ಆಗಲ್ಲ? ಆಸ್ಪತ್ರೆಯಲ್ಲಿ ನನ್ನ ಮಗ ಹೋದ ಅಂತ ಸಹಿ ಹಾಕಿದವಳೂ ನಾನೇ. ಇವಳು ಆಗ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಇವಳು ಇನ್ನು ಬದುಕ್ತಾಳೆ ಅನ್ನೋದಕ್ಕೂ ನಾನೇ ಹಾಕ್ತೀನಿ, ಬಿಡಿ."

ಹಾಕಿದಳು. ಆಮೇಲೆ ಡ್ರೈವರ್ ಊರುಗೋಲನ್ನು ಕಂಡಕ್ಟರನಿಗೆ ಕೊಟ್ಟು ನೆಟ್ಟಗೆ ನಿಂತು, ಇವಳನ್ನು ನನ್ನ ಕಾನೂನುಬದ್ಧ ಪತ್ನಿಯಾಗಿ ಸ್ವೀಕರಿಸುತ್ತೇನೆ ಎಂದ. ಸೊಸೆಯ ದನಿ ಮೊದಲ ಸಲ ಹೊರಡಲಿಲ್ಲ. ಟೈಲರಮ್ಮ "ಗಟ್ಟಿಯಾಗಿ ಹೇಳೇ, ಸಾಕ್ಷಿಗೆ ಕೇಳಿಸಬೇಕು" ಎಂದು ಗದರಿದ ಮೇಲೆ ಪೂರ್ತಿ ಹೇಳಿದಳು.

ಕೊನೆಗೆ ಮದುವೆ ಪ್ರಮಾಣಪತ್ರಕ್ಕೆ ಮತ್ತೊಮ್ಮೆ ಎಲ್ಲರ ಸಹಿ. ಈ ಸಲ ಟೈಲರಮ್ಮನ ಅಕ್ಷರ ಸೊಟ್ಟಗಾಯಿತು. ಜೀವಮಾನವೆಲ್ಲ ಸೊಟ್ಟಗಾಗದ ಹೊಲಿಗೆ ಹಾಕಿದ ಕೈ ಅದು.

"ಪೆನ್ನು ಸರಿಯಿಲ್ಲ," ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಹೌದಮ್ಮ, ಸರಿಯಿಲ್ಲ," ಎಂದರು ಅಧಿಕಾರಿ, ಅದೇ ಪೆನ್ನಿನಿಂದ ತಮ್ಮ ಸಹಿ ಹಾಕಿದರು.