ಹಾಡಿನ ಜೊತೆ ಬಂದ ಗದ್ದಲ

ಶಾಲಾ ವಾರ್ಷಿಕೋತ್ಸವದ ನೇರಪ್ರಸಾರ ಕಂಪ್ಯೂಟರ್ ಟೀಚರಮ್ಮನ ಹೊಣೆ. ವೇದಿಕೆಯಲ್ಲಿ ಅವಳ ಮಗಳು ಹಾಡುತ್ತಿದ್ದಳು. ಮೊಮ್ಮಗಳ ಹಾಡು ಕೇಳಲೆಂದೇ ಅತ್ತೆ ಆಸ್ಪತ್ರೆಯ ಹಾಸಿಗೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದರು.

"ಎರಡನೇ ಕ್ಯಾಮೆರಾ, ಮುಖಕ್ಕೆ ಹತ್ತಿರ ಹೋಗಿ... ಹಾಂ, ತಗೊಂಡೆ," ಎಂದು ಕ್ಯಾಮೆರಾದವನಿಗೆ ಹೇಳುತ್ತಾ, ಆ ದೃಶ್ಯವನ್ನು ಪ್ರಸಾರಕ್ಕೆ ಬಿಡುವ ಗುಂಡಿ ಒತ್ತಿದಳು. ಅಷ್ಟರಲ್ಲಿ ಪ್ರಸಾರದ ದನಿ ಕೇಳಿಸುತ್ತಿದ್ದ ಅವಳ ಹೆಡ್‌ಫೋನ್ ಮೂಕವಾಯಿತು. ಸಭಾಂಗಣಕ್ಕೆ ಹಾಡು ಕೇಳುತ್ತಿತ್ತು, ಪ್ರಸಾರಕ್ಕೆ ಹೋಗುತ್ತಿರಲಿಲ್ಲ.

"ಮೈಕಣ್ಣಾ, ನಿಮ್ಮಿಂದ ಬರೋ ಲೈನ್ ಸತ್ತಿದೆ!" ಎಂದು ಧ್ವನಿವರ್ಧಕ ನೋಡಿಕೊಳ್ಳುವವರಿಗೆ ಹೇಳಿದಳು.

"ಅಯ್ಯೋ, ಯಾರೋ ವೈರ್ ಎಡವಿದ್ರು ಮೇಡಂ!"

ಇಂಥ ಹೊತ್ತಿಗೆಂದೇ ಜೋಡಿಸಿಟ್ಟಿದ್ದ ಸಭಿಕರ ನಡುವಿನ ಒಂದನೇ ಕ್ಯಾಮೆರಾದ ಮೈಕಿನ ದನಿಯನ್ನು ಅವಳು ಏರಿಸಿದಳು. ಹಾಡಿನ ಜೊತೆಗೆ ಕೆಮ್ಮು, ಮಗುವಿನ ಅಳು ಎಲ್ಲವೂ ಬಂತು. ಅವಳಿಗೆ ಮುಜುಗರವಾಯಿತು.

ಫೋನಿನಲ್ಲಿ ಅತ್ತೆಯ ಸಂದೇಶ ಮೂಡಿತು: "ಈಗ ನಿಮ್ಮ ಮಧ್ಯೆನೇ ಕೂತಂಗಾಯ್ತು ಕಣೇ. ಅಳ್ತಿರೋ ಮಗು ಯಾರದ್ದು?"

ವೈರ್ ಸರಿಹೋದ ಮೇಲೂ ಅವಳು ಆ ಮೈಕನ್ನು ಸಣ್ಣಗೆ ತೆರೆದೇ ಇಟ್ಟಳು.